ಬೇರೆಯವರು ಎಣಿಸಿಟ್ಟ ಅಂಕಿ ನಿಮ್ಮ ಪ್ರಾಜೆಕ್ಟ್‌ಗೆ ಹೊಂದುತ್ತದೆಯೇ?

ಬಳ್ಳಾರಿಯಲ್ಲಿ ಎಲ್ಲ ಕಂಪನಿಗಳ ಎಲೆಕ್ಟ್ರಿಕ್ ಸ್ಕೂಟರ್‌ಗಳನ್ನೂ ರಿಪೇರಿ ಮಾಡುವ ಒಂದು ಸರ್ವಿಸ್ ಸೆಂಟರ್ ತೆರೆದರೆ ಅದಕ್ಕೆ ಸಾಕಷ್ಟು ಗಿರಾಕಿ ಸಿಗುತ್ತಾರೆಯೇ? ಎಂ.ಬಿ.ಎ. ಅಥವಾ ಬಿ.ಬಿ.ಎ. ಪ್ರಾಜೆಕ್ಟ್‌ಗೆ ಇದು ಒಳ್ಳೆಯ ವಿಷಯ. ಆದರೆ ಇಂಥ ವರದಿಗಳು ಹೆಚ್ಚಾಗಿ ಶುರುವಾಗುವುದೇ ದೇಶದ ಎಲೆಕ್ಟ್ರಿಕ್ ವಾಹನ ಮಾರುಕಟ್ಟೆ ವರ್ಷಕ್ಕೆ ಇಷ್ಟು ಶೇಕಡಾ ಬೆಳೆಯುತ್ತಿದೆ ಎಂಬ ವಾಕ್ಯದಿಂದ. ಆ ವಾಕ್ಯ ನಿಜವೇ ಇದ್ದರೂ ಸಿರುಗುಪ್ಪದಲ್ಲಿ, ಸಂಡೂರಿನಲ್ಲಿ ಎಷ್ಟು ಗಾಡಿ ಓಡುತ್ತಿವೆ ಎಂದು ಅದು ಹೇಳುವುದಿಲ್ಲ. ಹೇಳುವ ಅಂಕಿ ಇದೆ, ಬಿಟ್ಟಿಯಾಗಿ ಸಿಗುತ್ತದೆ, ಮನೆಯಲ್ಲೇ ಕೂತು ತೆಗೆಯಬಹುದು. ಅದನ್ನು ತೆಗೆಯುವುದು ಹೇಗೆ, ತೆಗೆದ ಮೇಲೆ ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇದೇ ಸರ್ವಿಸ್ ಸೆಂಟರ್ ಉದಾಹರಣೆ ಹಿಡಿದು ನೋಡೋಣ. ಬೇರೆಯವರು ತಮ್ಮ ಕೆಲಸಕ್ಕೆಂದು ಮೊದಲೇ ಸಂಗ್ರಹಿಸಿದ ಇಂಥ ಅಂಕಿಅಂಶವನ್ನೇ ಸೆಕೆಂಡರಿ ಡೇಟಾ ಎನ್ನುವುದು.

ಮೊದಲು ಖಾಲಿ ಕೋಷ್ಟಕ

ಹುಡುಕಾಟಕ್ಕೆ ಇಳಿಯುವ ಮೊದಲು ಒಂದು ಹಾಳೆಯಲ್ಲಿ ಕೋಷ್ಟಕ ಎಳೆಯಿರಿ. ಸಾಲಿಗೊಂದು ವರ್ಷ. ಮೊದಲ ಕಾಲಮ್‌ನಲ್ಲಿ ಬಳ್ಳಾರಿಯಲ್ಲಿ ಹೊಸದಾಗಿ ನೋಂದಣಿಯಾದ ಒಟ್ಟು ದ್ವಿಚಕ್ರ ವಾಹನ, ಎರಡನೆಯದರಲ್ಲಿ ಅವುಗಳ ಪೈಕಿ ಎಲೆಕ್ಟ್ರಿಕ್ ಎಷ್ಟು, ಮೂರನೆಯದರಲ್ಲಿ ಶೇಕಡಾ ಪಾಲು. ಕೆಳಗೆ ಪ್ರತ್ಯೇಕವಾಗಿ ಇನ್ನೊಂದು ಸಾಲು: ಜಿಲ್ಲೆಯ ಮನೆಗಳ ಸಂಖ್ಯೆ, ಅದರಲ್ಲಿ ಗಾಡಿ ಇರುವ ಮನೆಗಳು. ನಿಮಗೆ ಬೇಕಾದದ್ದು ಇಷ್ಟೇ. ಕೋಷ್ಟಕವಿಲ್ಲದೆ ಹುಡುಕಲು ಹೊರಟರೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಬಂದು, ಆಮೇಲೆ ಅದಕ್ಕೆ ಹೊಂದುವ ಪ್ರಶ್ನೆ ಹುಡುಕಬೇಕಾಗುತ್ತದೆ.

ಕೋಷ್ಟಕದ ಪ್ರತಿ ಕಾಲಮ್‌ಗೂ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದನ್ನು ಎಣಿಸದೆ ಯಾರ ದಿನದ ಕೆಲಸ ಸಾಗುವುದಿಲ್ಲ? ದ್ವಿಚಕ್ರ ವಾಹನದ ಮಟ್ಟಿಗೆ ಉತ್ತರ ಆರ್‌ಟಿಒ. ನಂಬರ್ ಕೊಡದೆ ಗಾಡಿ ರಸ್ತೆಗಿಳಿಯುವಂತಿಲ್ಲ, ದಾಖಲೆಯಿಲ್ಲದೆ ನಂಬರ್ ಕೊಡುವಂತಿಲ್ಲ. ಸಮೀಕ್ಷೆ ನಡೆಸಿ ಅಂದಾಜು ಹೇಳುವವರಿಗಿಂತ ಕೆಲಸದ ಭಾಗವಾಗಿಯೇ ಎಣಿಸುವವರ ಲೆಕ್ಕ ಹೆಚ್ಚು ಗಟ್ಟಿ. ಮನೆಗಳ ಸಂಖ್ಯೆಗೆ ಅಂಥ ಮೂಲ ಜನಗಣತಿ. ಹುಡುಕಾಟವನ್ನು ಈ ಎರಡರಿಂದಲೇ ಶುರು ಮಾಡಿ.

ವಾಹನ್‌ನಿಂದ ಅಂಕಿ ತೆಗೆಯುವುದು

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವಾಹನ್ ಡ್ಯಾಶ್‌ಬೋರ್ಡ್ ಎಲ್ಲರಿಗೂ ತೆರೆದಿದೆ, ಲಾಗಿನ್ ಬೇಡ. ವಿಳಾಸ:

```
vahan.parivahan.gov.in/vahan4dashboard
```

ರಾಜ್ಯದ ಪಟ್ಟಿಯಲ್ಲಿ ಕರ್ನಾಟಕ ಆರಿಸಿದರೆ ಆರ್‌ಟಿಒ ಪಟ್ಟಿ ಬರುತ್ತದೆ. ಅದರಲ್ಲಿ ಹೆಸರಿಗಿಂತ ಕೋಡ್ ನೋಡಿ ಆರಿಸುವುದು ಕ್ಷೇಮ: ಬಳ್ಳಾರಿಗೆ KA34, ಹೊಸಪೇಟೆಗೆ KA35, ರಾಯಚೂರಿಗೆ KA36, ಕೊಪ್ಪಳಕ್ಕೆ KA37. ಆಮೇಲೆ Y-Axis ಜಾಗದಲ್ಲಿ Fuel, X-Axis ಜಾಗದಲ್ಲಿ Month Wise ಹಾಕಿ, ವರ್ಷ ಆರಿಸಿ Refresh ಒತ್ತಿ. ಯಾವ ಇಂಧನದ ಎಷ್ಟು ವಾಹನ ಯಾವ ತಿಂಗಳಲ್ಲಿ ನೋಂದಣಿಯಾದವು ಎಂಬ ಕೋಷ್ಟಕ ತೆರೆದುಕೊಳ್ಳುತ್ತದೆ.

ಈಗ ಬಂದಿರುವುದು ಲಾರಿ, ಟ್ರ್ಯಾಕ್ಟರ್, ಆಟೊ ಎಲ್ಲ ಸೇರಿದ ಲೆಕ್ಕ. ಪುಟದ ಎಡಬದಿಯ ಪಟ್ಟಿ ತೆರೆದು ದ್ವಿಚಕ್ರದ ಸಾಲುಗಳಿಗೆ ಟಿಕ್ ಹಾಕಬೇಕು. TWO WHEELER(NT) ಅಂದರೆ ಸ್ವಂತ ಬಳಕೆಯದು, TWO WHEELER(T) ಅಂದರೆ ಬಾಡಿಗೆಗೆ ಓಡುವುದು. ಬಹಳ ಜನ ಎಡವುವುದು ಇಲ್ಲೇ. ಟಿಕ್ ಹಾಕಿದ ಮೇಲೆ ಆ ಪಟ್ಟಿಯದೇ Refresh ಅನ್ನು ಮತ್ತೊಮ್ಮೆ ಒತ್ತಬೇಕು. ಒತ್ತದಿದ್ದರೆ ಟಿಕ್ ಮಾತ್ರ ಕಾಣುತ್ತದೆ, ಅಂಕಿ ಹಳೆಯದೇ ಉಳಿಯುತ್ತದೆ. ತಪ್ಪಾಗಿದೆಯೋ ಇಲ್ಲವೋ ತಿಳಿಯಲು ಡೀಸೆಲ್ ಸಾಲು ನೋಡಿ. ದ್ವಿಚಕ್ರದ ಕೋಷ್ಟಕದಲ್ಲಿ ಡೀಸೆಲ್ ನೂರಾರು ಬಂದಿದ್ದರೆ ಲಾರಿ, ಟ್ರ್ಯಾಕ್ಟರ್ ಇನ್ನೂ ಒಳಗೇ ಇವೆ.

ಎಲೆಕ್ಟ್ರಿಕ್ ಲೆಕ್ಕದಲ್ಲಿ ಇನ್ನೊಂದು ಗುಟ್ಟಿದೆ. ಇಂಧನದ ಪಟ್ಟಿಯಲ್ಲಿ ಎಲೆಕ್ಟ್ರಿಕ್ ವಾಹನ ಒಂದೇ ಹೆಸರಿನಲ್ಲಿ ಇಲ್ಲ. ELECTRIC(BOV) ಎಂದು ಒಂದು ಸಾಲು, PURE EV ಎಂದು ಇನ್ನೊಂದು ಸಾಲು. ಎರಡೂ ಪೂರ್ತಿ ಬ್ಯಾಟರಿ ಗಾಡಿಗಳೇ. ಮೊದಲಿನದನ್ನಷ್ಟೇ ತೆಗೆದುಕೊಂಡರೆ ಎಷ್ಟೋ ಗಾಡಿ ಕೈಬಿಟ್ಟು ಹೋಗುತ್ತವೆ, ಎಲೆಕ್ಟ್ರಿಕ್ ಮಾರಾಟ ಕುಸಿಯಿತು ಎಂಬ ತಪ್ಪು ತೀರ್ಮಾನಕ್ಕೂ ದಾರಿಯಾಗುತ್ತದೆ. ಎರಡನ್ನೂ ಕೂಡಿಸಿ, ಕೂಡಿಸಿದ್ದನ್ನು ಕೋಷ್ಟಕದ ಕೆಳಗೆ ಬರೆದಿಡಿ. ಹಾಗೆಯೇ ಅಂಕಿಯ ಬಗೆ Actual Value ಎಂದೇ ಇರಲಿ. ಸಾವಿರ ಅಥವಾ ಲಕ್ಷದ ಲೆಕ್ಕಕ್ಕೆ ಬದಲಾಯಿಸಿದರೆ ಜಿಲ್ಲೆಯ ಸಣ್ಣ ಸಂಖ್ಯೆಗಳು ದಶಾಂಶದಲ್ಲಿ ಕರಗಿಹೋಗುತ್ತವೆ.

ಕೋಷ್ಟಕವನ್ನು ಎಕ್ಸೆಲ್‌ಗೆ ಇಳಿಸಿಕೊಂಡ ಕೂಡಲೇ ಅದೇ ಫೈಲಿನ ಮೊದಲ ಸಾಲಿನಲ್ಲಿ ಆ ದಿನದ ತಾರೀಕು ಮತ್ತು ನೀವು ಆರಿಸಿದ ಎಲ್ಲ ಆಯ್ಕೆಗಳನ್ನು ಬರೆಯಿರಿ. ವಾಹನ್ ಜೀವಂತ ದಾಖಲೆ. ತಡವಾಗಿ ಸೇರುವ ನೋಂದಣಿಗಳಿಂದ ಕಳೆದ ತಿಂಗಳ ಅಂಕಿಯೂ ಸ್ವಲ್ಪ ಬದಲಾಗಬಹುದು. ವೈವಾದಲ್ಲಿ ಪರೀಕ್ಷಕರು ಅಲ್ಲೇ ಮೊಬೈಲ್‌ನಲ್ಲಿ ತೆರೆದು ನೋಡಿ ನಿಮ್ಮ ಅಂಕಿ ಬೇರೆ ಇದೆಯಲ್ಲ ಎಂದರೆ ಉತ್ತರ ಆ ಮೊದಲ ಸಾಲಿನಲ್ಲೇ ಇರುತ್ತದೆ.

ಮಾರಾಟ ಎಂದರೆ ಯಾರ ಮಾರಾಟ?

ವಿಶ್ವಾಸಾರ್ಹತೆ ಪರೀಕ್ಷಿಸುವಾಗ ಮೂಲ ದೊಡ್ಡದೋ ಸಣ್ಣದೋ ಎಂಬುದಕ್ಕಿಂತ ಅದು ಏನನ್ನು ಎಣಿಸಿದೆ ಎಂದು ಕೇಳಿ. ಪ್ರತಿ ತಿಂಗಳ ಮೊದಲ ವಾರಗಳಲ್ಲಿ ಪತ್ರಿಕೆಗಳಲ್ಲಿ ದ್ವಿಚಕ್ರ ಮಾರಾಟದ ಎರಡು ಬಗೆಯ ಸುದ್ದಿ ಬರುತ್ತವೆ. ಒಂದು ವಾಹನ ತಯಾರಕರ ಒಕ್ಕೂಟವಾದ ಸಿಯಾಮ್‌ನದು, ಇನ್ನೊಂದು ಡೀಲರ್‌ಗಳ ಒಕ್ಕೂಟವಾದ ಫಾಡಾದ್ದು. ಒಂದೇ ತಿಂಗಳಿಗೆ ಎರಡರ ಅಂಕಿ ಬೇರೆ ಬೇರೆ, ಕೆಲವೊಮ್ಮೆ ಒಂದರಲ್ಲಿ ಏರಿಕೆ, ಇನ್ನೊಂದರಲ್ಲಿ ಇಳಿಕೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಸಿಯಾಮ್ ಮಾರಾಟ ಎನ್ನುವುದು ಕಾರ್ಖಾನೆಯಿಂದ ಡೀಲರ್‌ಗೆ ಹೋದ ಗಾಡಿಯನ್ನು. ಫಾಡಾ ಹೇಳುವುದು ಗಿರಾಕಿಯ ಹೆಸರಿಗೆ ನೋಂದಣಿಯಾದದ್ದನ್ನು, ಅದೂ ವಾಹನ್‌ನಿಂದಲೇ ತೆಗೆದದ್ದು. ಹಬ್ಬಕ್ಕೆ ಮುಂಚೆ ಡೀಲರ್‌ಗಳು ಗೋದಾಮು ತುಂಬಿಸಿಕೊಂಡರೆ ಸಿಯಾಮ್ ಅಂಕಿ ಏರುತ್ತದೆ, ಗಾಡಿ ಮಾತ್ರ ಇನ್ನೂ ಶೋರೂಮಿನಲ್ಲೇ ನಿಂತಿರುತ್ತದೆ. ಸರ್ವಿಸ್ ಸೆಂಟರಿಗೆ ಬರುವುದು ರಸ್ತೆಗಿಳಿದ ಗಾಡಿ. ಹಾಗಾಗಿ ಈ ಪ್ರಾಜೆಕ್ಟ್‌ಗೆ ಬೇಕಾದದ್ದು ನೋಂದಣಿಯ ಅಂಕಿ. ಬಿಡಿಭಾಗ ಪೂರೈಸುವ ಸಗಟು ವ್ಯಾಪಾರದ ಪ್ರಾಜೆಕ್ಟ್ ಆಗಿದ್ದರೆ ಸಿಯಾಮ್ ಅಂಕಿಗೂ ಬೆಲೆ ಬರುತ್ತಿತ್ತು.

ಇದಕ್ಕೇ ಒಂದು ನಿಯಮ ಇಟ್ಟುಕೊಳ್ಳಿ: ಯಾವ ಅಂಕಿ ಎಲ್ಲೇ ಕಂಡರೂ ಅದು ಹುಟ್ಟಿದ ಜಾಗದವರೆಗೆ ಹಿಂದಕ್ಕೆ ಹೋಗಿ. ಸುದ್ದಿಯಲ್ಲಿ ವರದಿಯ ಹೆಸರಿದ್ದರೆ ವರದಿಗೆ, ವರದಿಯಲ್ಲಿ ಕೋಷ್ಟಕವಿದ್ದರೆ ಕೋಷ್ಟಕದ ಅಡಿಟಿಪ್ಪಣಿಗೆ ಹೋಗಿ. ಎರಡು ಮೂರು ಹೆಜ್ಜೆಯಲ್ಲಿ ಎಣಿಸಿದವರು ಸಿಗದಿದ್ದರೆ ಆ ಅಂಕಿ ಬಿಡಿ. ಮಾರುಕಟ್ಟೆ ವರದಿ ಮಾರುವ ಕಂಪನಿಗಳ ಪ್ರಕಟಣೆಗಳಲ್ಲಿ ಸಿಗುವ ಮುಂದಿನ ಏಳು ವರ್ಷದ ಬೆಳವಣಿಗೆ ದರಗಳ ಕಥೆ ಸಾಮಾನ್ಯವಾಗಿ ಹೀಗೇ ಮುಗಿಯುತ್ತದೆ. ಎಷ್ಟು ಜನರನ್ನು ಕೇಳಿದರು, ಯಾವ ಲೆಕ್ಕದಿಂದ ಮುಂದಕ್ಕೆ ಎಳೆದರು ಎಂಬುದು ದುಡ್ಡು ಕೊಟ್ಟರೆ ಮಾತ್ರ ಕಾಣುವ ಪುಟಗಳಲ್ಲಿರುತ್ತದೆ. ಇನ್ನೊಂದು ಎಚ್ಚರ: ಐದು ಜಾಲತಾಣಗಳಲ್ಲಿ ಒಂದೇ ಅಂಕಿ ಕಂಡರೆ ಅದು ಐದು ಸಾಕ್ಷಿಯಲ್ಲ. ಐದೂ ಒಂದೇ ಪ್ರಕಟಣೆಯನ್ನು ನಕಲು ಮಾಡಿದ್ದರೆ ಸಾಕ್ಷಿ ಒಂದೇ.

ವಾಹನ್ ಅಂಕಿಗೂ ಮಿತಿ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಾಜ್ಯದೊಳಗಿನ ಯಾವುದೇ ಆರ್‌ಟಿಒದಲ್ಲಿ ನೋಂದಣಿ ಮಾಡಿಸಬಹುದು. ಬೆಂಗಳೂರಿನಲ್ಲಿ ಕೊಂಡು ಅಲ್ಲೇ ನಂಬರ್ ಪಡೆದ ಗಾಡಿ ಬಳ್ಳಾರಿಯಲ್ಲಿ ಓಡುತ್ತಿದ್ದರೂ KA34 ಲೆಕ್ಕಕ್ಕೆ ಬರುವುದಿಲ್ಲ. ಗಡಿಯಾಚೆ ಆಂಧ್ರದ ಹಳ್ಳಿಗಳಿಂದ ದಿನವೂ ಪೇಟೆಗೆ ಬರುವ ಗಾಡಿಗಳೂ ಅಷ್ಟೇ.

ಅಂಕಿ ಯಾವ ಕಾಲದ್ದು?

ವರದಿ ಅಚ್ಚಾದ ವರ್ಷ ಬೇರೆ, ಅಂಕಿ ಸಂಗ್ರಹಿಸಿದ ವರ್ಷ ಬೇರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು 2019–21ರದು ಎಂದು ಉಲ್ಲೇಖಿಸುತ್ತಾರೆ. ಆದರೆ ಕರ್ನಾಟಕ ಮೊದಲ ಹಂತದಲ್ಲಿತ್ತು, ಇಲ್ಲಿ ಮನೆಮನೆಗೆ ಹೋಗಿ ಕೇಳಿದ್ದು ಕೋವಿಡ್‌ಗೆ ಮೊದಲು. 2021ರ ಸ್ಥಿತಿ ಎಂದು ಅದನ್ನು ಬಳಸಿದರೆ ತಪ್ಪು.

ಎಲೆಕ್ಟ್ರಿಕ್ ಗಾಡಿಯ ಮಟ್ಟಿಗೆ ಒಂದೆರಡು ತಿಂಗಳ ವ್ಯತ್ಯಾಸವೂ ದೊಡ್ಡದು. ಕೇಂದ್ರದ ಫೇಮ್–2 ಯೋಜನೆಯಲ್ಲಿ ಪ್ರತಿ ಕಿಲೋವ್ಯಾಟ್ ಅವರ್ ಬ್ಯಾಟರಿಗೆ 15,000 ರೂಪಾಯಿ ಇದ್ದ ಸಹಾಯಧನ 1 ಜೂನ್ 2023ರಿಂದ 10,000ಕ್ಕೆ ಇಳಿಯಿತು, ಬೆಲೆಯ ಶೇ 40ರವರೆಗೆ ಸಿಗುತ್ತಿದ್ದದ್ದು ಶೇ 15ಕ್ಕೆ ಕುಗ್ಗಿತು. ಮೇ ತಿಂಗಳಲ್ಲಿ ಜನ ಮುಗಿಬಿದ್ದು ಕೊಂಡರು, ದೇಶದಾದ್ಯಂತ ನೋಂದಣಿ 1 ಲಕ್ಷ ದಾಟಿತು. ಜೂನ್‌ನಲ್ಲಿ ಅದು 50 ಸಾವಿರಕ್ಕೂ ಕೆಳಗಿಳಿಯಿತು. ಮೇ ಒಂದನ್ನೇ ತೆಗೆದುಕೊಂಡವರಿಗೆ ಮಾರುಕಟ್ಟೆ ಹಾರುತ್ತಿರುವಂತೆ ಕಾಣುತ್ತದೆ, ಜೂನ್ ತೆಗೆದುಕೊಂಡವರಿಗೆ ಮುಳುಗುತ್ತಿರುವಂತೆ. ಆಮೇಲೆ ಆ ಯೋಜನೆ 31 ಮಾರ್ಚ್ 2024ಕ್ಕೆ ಮುಗಿಯಿತು, 1 ಅಕ್ಟೋಬರ್ 2024ರಿಂದ ಪಿಎಂ ಇ–ಡ್ರೈವ್ ಬಂತು. 22 ಸೆಪ್ಟೆಂಬರ್ 2025ರಿಂದ 350 ಸಿಸಿವರೆಗಿನ ಪೆಟ್ರೋಲ್ ಗಾಡಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು, ಪೆಟ್ರೋಲ್ ಗಾಡಿ ಅಗ್ಗವಾಯಿತು. ನಿಮ್ಮ ತಿಂಗಳವಾರು ಕೋಷ್ಟಕದಲ್ಲಿ ಈ ತಾರೀಕುಗಳ ಎದುರು ಗೆರೆ ಎಳೆಯಿರಿ. ಗೆರೆಯ ಎರಡೂ ಬದಿಯ ಅಂಕಿಗಳನ್ನು ಒಟ್ಟುಗೂಡಿಸಿ ಸರಾಸರಿ ತೆಗೆದರೆ ಎರಡು ಬೇರೆ ಮಾರುಕಟ್ಟೆಗಳನ್ನು ಕಲಸಿದಂತೆ.

ನಮ್ಮ ಕಡೆಯ ಖರೀದಿಗೆ ಹಬ್ಬದ ಲೆಕ್ಕವೂ ಇದೆ. ಆಯುಧಪೂಜೆ, ದೀಪಾವಳಿಗೆ ಗಾಡಿ ಮನೆಗೆ ಬರುತ್ತದೆ, ಪಿತೃಪಕ್ಷದಲ್ಲಿ, ಆಷಾಢದಲ್ಲಿ ಶೋರೂಮು ಖಾಲಿ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ, 2024ರಲ್ಲಿ ಅಕ್ಟೋಬರ್ 12ಕ್ಕೆ, 2025ರಲ್ಲಿ ಅಕ್ಟೋಬರ್ 2ಕ್ಕೆ ಬಂತು. ಗಾಡಿ ಕೊಂಡ ಮೇಲೆ ನೋಂದಣಿಗೆ ಒಂದಷ್ಟು ದಿನ ಹಿಡಿಯುವುದರಿಂದ ಹಬ್ಬದ ಖರೀದಿ ಮುಂದಿನ ತಿಂಗಳ ಲೆಕ್ಕಕ್ಕೂ ಜಾರುತ್ತದೆ. ಒಂದು ವರ್ಷದ ನವೆಂಬರನ್ನು ಇನ್ನೊಂದು ವರ್ಷದ ನವೆಂಬರ್ ಜೊತೆ ಹೋಲಿಸುವ ಬದಲು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಮೂರು ತಿಂಗಳ ಮೊತ್ತಗಳನ್ನು ಹೋಲಿಸಿ.

ಮಳೆಯನ್ನೂ ಮರೆಯುವಂತಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಲಾಗಿತ್ತು. ಭತ್ತ, ಮೆಣಸಿನಕಾಯಿಯ ದುಡ್ಡಿನ ಮೇಲೆ ನಿಂತ ಸಿರುಗುಪ್ಪ, ಕಂಪ್ಲಿಯಂಥ ಕಡೆ ಬರದ ವರ್ಷವನ್ನು ಆಧಾರವಾಗಿಟ್ಟು ಮುಂದಿನ ವರ್ಷದ ಏರಿಕೆ ಲೆಕ್ಕ ಹಾಕಿದರೆ ಏರಿಕೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕನಿಷ್ಠ ಮೂರು ವರ್ಷ ಪಕ್ಕಪಕ್ಕ ಇಡಿ.

ಯಾವ ಬಳ್ಳಾರಿ?

ಹೆಚ್ಚು ಪ್ರಾಜೆಕ್ಟ್‌ಗಳು ಮುಗ್ಗರಿಸುವುದು ಇಲ್ಲಿ. ಇಂಟರ್ನೆಟ್‌ನಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಹುಡುಕಿದರೆ 24,52,595 ಎಂದು ಬರುತ್ತದೆ. ಅಂಕಿ ಸರಿಯಾದದ್ದೇ, 2011ರ ಜನಗಣತಿಯದು. ಆದರೆ ಆ ಬಳ್ಳಾರಿ ಈಗ ಇಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಅತ್ತ ಹೋದವು. ಇಂದಿನ ಬಳ್ಳಾರಿ ಜಿಲ್ಲೆ ಎಂದರೆ ಬಳ್ಳಾರಿ, ಕುರುಗೋಡು, ಕಂಪ್ಲಿ, ಸಿರುಗುಪ್ಪ, ಸಂಡೂರು ಐದೇ ತಾಲ್ಲೂಕು. ಹಳೆಯ 24 ಲಕ್ಷವನ್ನು ಹಿಡಿದು ಗಿರಾಕಿಗಳನ್ನು ಎಣಿಸಿದರೆ ಹೊಸಪೇಟೆಯ ಗಿರಾಕಿಯೂ ನಿಮ್ಮ ಲೆಕ್ಕಕ್ಕೆ ಬಂದುಬಿಡುತ್ತಾನೆ.

ಹಾಗಾದರೆ 2011ರ ಕೋಷ್ಟಕದಿಂದ ವಿಜಯನಗರದ ತಾಲ್ಲೂಕುಗಳನ್ನು ಕಳೆದರೆ ಸಾಕಲ್ಲವೇ? ಸಾಲದು. 2011ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು, ಬಳ್ಳಾರಿಯ ಮೊತ್ತದಲ್ಲಿ ಅದು ಇಲ್ಲವೇ ಇಲ್ಲ. ಇಲ್ಲದ್ದನ್ನು ಕಳೆಯಬಾರದು. ಕಂಪ್ಲಿ ಆಗ ಹೊಸಪೇಟೆ ತಾಲ್ಲೂಕಿನ ಭಾಗ. ಹೊಸಪೇಟೆಯನ್ನು ಪೂರ್ತಿ ಕಳೆದರೆ ಕಂಪ್ಲಿಯೂ ಹೋಗುತ್ತದೆ, ಕಳೆಯದಿದ್ದರೆ ಹೊಸಪೇಟೆ ಉಳಿಯುತ್ತದೆ. ಕುರುಗೋಡಿನ ಚಿಂತೆ ಬೇಡ, ಅದು ಆಗ ಬಳ್ಳಾರಿ ತಾಲ್ಲೂಕಿನೊಳಗೇ ಇತ್ತು. ಸರಿಯಾದ ದಾರಿ ಎಂದರೆ ಜನಗಣತಿಯ ಹಳ್ಳಿವಾರು ಪಟ್ಟಿ ಇಳಿಸಿಕೊಂಡು, ಬಳ್ಳಾರಿ, ಸಿರುಗುಪ್ಪ, ಸಂಡೂರಿನ ಮೂರು ಹಳೆಯ ತಾಲ್ಲೂಕುಗಳನ್ನು ಪೂರ್ತಿ ಸೇರಿಸಿ, ಹೊಸಪೇಟೆ ತಾಲ್ಲೂಕಿನಿಂದ ಈಗ ಕಂಪ್ಲಿಗೆ ಸೇರಿದ ಪಟ್ಟಣ, ಹಳ್ಳಿಗಳನ್ನಷ್ಟೇ ಆರಿಸಿ ಕೂಡಿಸುವುದು. ಆ ಹಳ್ಳಿಗಳ ಪಟ್ಟಿಯನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿ ಪಡೆಯಿರಿ. ಒಂದು ಸಂಜೆಯ ಕೆಲಸ.

ಗಾಡಿ ಇರುವ ಮನೆಗಳ ಅಂಕಿ ಜನಗಣತಿಯ ಮನೆಪಟ್ಟಿ ಕೋಷ್ಟಕದಲ್ಲಿದೆ. ಸ್ಕೂಟರ್, ಮೋಟಾರ್ ಸೈಕಲ್, ಮೊಪೆಡ್ ಮೂರನ್ನೂ ಒಂದೇ ಸಾಲಿನಲ್ಲಿ ಕೇಳಿದ್ದಾರೆ. ಹಳ್ಳಿವಾರು ಕೋಷ್ಟಕದಲ್ಲಿ ಅದು ಸಂಖ್ಯೆಯಾಗಿ ಅಲ್ಲ, ಶೇಕಡಾವಾರಾಗಿ ಇದೆ. ಶೇಕಡಾಗಳನ್ನು ಕೂಡಿಸಿ ಹಳ್ಳಿಗಳ ಸಂಖ್ಯೆಯಿಂದ ಭಾಗಿಸಿದರೆ ಉತ್ತರ ಕೆಡುತ್ತದೆ. ಲೆಕ್ಕಕ್ಕೆಂದು ಎರಡು ಊರು ಕಲ್ಪಿಸಿಕೊಳ್ಳಿ: ಒಂದರಲ್ಲಿ 900 ಮನೆ, ಶೇ 20ರಲ್ಲಿ ಗಾಡಿ, ಇನ್ನೊಂದರಲ್ಲಿ 100 ಮನೆ, ಶೇ 60ರಲ್ಲಿ ಗಾಡಿ. ಬರೀ ಸರಾಸರಿ ಶೇ 40. ಆದರೆ ಗಾಡಿ ಇರುವ ಮನೆ 180 ಮತ್ತು 60, ಒಟ್ಟು 240. ಸಾವಿರ ಮನೆಗೆ 240 ಎಂದರೆ ಶೇ 24 ಮಾತ್ರ. ಮನೆಗಳ ಸಂಖ್ಯೆ B ಕಾಲಮ್‌ನಲ್ಲಿ, ಶೇಕಡಾ C ಕಾಲಮ್‌ನಲ್ಲಿ ಇದ್ದರೆ ಎಕ್ಸೆಲ್‌ನಲ್ಲಿ ಹೀಗೆ:

```
=SUMPRODUCT(B2:B60,C2:C60)/SUM(B2:B60)
```

ಇಷ್ಟೆಲ್ಲ ಮಾಡಿದರೂ ಅದು ಹಳೆಯ ಅಂಕಿ. ಹೊಸ ಜನಗಣತಿಯ ಉಲ್ಲೇಖ ದಿನಾಂಕ 1 ಮಾರ್ಚ್ 2027. ಅದರ ಕೋಷ್ಟಕಗಳು ಕೈಗೆ ಬರುವವರೆಗೆ 2011ರದನ್ನು ಯಾವ ತಾಲ್ಲೂಕು ಯಾವುದಕ್ಕಿಂತ ದೊಡ್ಡದು ಎಂದು ಹೋಲಿಸಲು ಬಳಸಿ, ಇಂದಿನ ಗಾಡಿಗಳ ಸಂಖ್ಯೆ ಹೇಳಲು ಬಳಸಬೇಡಿ. ಆರೋಗ್ಯ ಸಮೀಕ್ಷೆಯ ಬಳ್ಳಾರಿ ಹಾಳೆಯೂ ಇದಕ್ಕೆ ನೆರವಾಗುವುದಿಲ್ಲ. ಅದು ಹಿಡಿದಿರುವುದು 31 ಮಾರ್ಚ್ 2017ರ ಜಿಲ್ಲಾ ಗಡಿ, ಅಂದರೆ ಹೊಸಪೇಟೆ ಒಳಗಿದ್ದ ಬಳ್ಳಾರಿ. ನಡುವಿನ ವರ್ಷಗಳಿಗೆ ಜಿಲ್ಲಾ ಸಾಂಖ್ಯಿಕ ಕಚೇರಿ ಹೊರತರುವ ‘ಜಿಲ್ಲಾ ಅಂಕಿ ಅಂಶಗಳ ನೋಟ’ ನೋಡಿ. ಅದರಲ್ಲೂ ಯಾವ ವರ್ಷದ ಆವೃತ್ತಿಯಿಂದ ಐದು ತಾಲ್ಲೂಕಿನ ಲೆಕ್ಕ ಶುರುವಾಗಿದೆ ಎಂದು ಮೊದಲು ಗುರುತಿಸಿಕೊಳ್ಳಿ. ಜಿಲ್ಲೆಯ ಮೊತ್ತ ಒಂದು ವರ್ಷದಿಂದ ಇನ್ನೊಂದಕ್ಕೆ ದಿಢೀರನೆ ಕುಸಿದಿದ್ದರೆ ಗಾಡಿಗಳು ಕಡಿಮೆಯಾಗಿಲ್ಲ, ಗಡಿ ಬದಲಾಗಿದೆ.

ಕೊಪ್ಪಳ, ರಾಯಚೂರಿನವರಿಗೂ ಇದೇ ಎಚ್ಚರ ಬೇಕು. ಜಿಲ್ಲೆಯ ಗಡಿ ಹಾಗೇ ಇದ್ದರೂ ತಾಲ್ಲೂಕು ಒಡೆದಿವೆ. 2011ರ ಗಂಗಾವತಿಯೊಳಗೆ ಇಂದಿನ ಕಾರಟಗಿ, ಕನಕಗಿರಿ ಇವೆ, ಯಲಬುರ್ಗಾದೊಳಗೆ ಕುಕನೂರು ಇದೆ.

ಆರ್‌ಟಿಒ ವ್ಯಾಪ್ತಿ ಮತ್ತು ಜಿಲ್ಲೆಯ ಗಡಿ ಒಂದೇ ಎಂದೂ ಭಾವಿಸಬೇಡಿ. KA34ರ ಅಡಿ ಯಾವ ತಾಲ್ಲೂಕುಗಳಿವೆ ಎಂಬ ಪಟ್ಟಿಯನ್ನು ಕಚೇರಿಯಲ್ಲಿ ಕೇಳಿ, ನಿಮ್ಮ ಐದು ತಾಲ್ಲೂಕಿನ ಜೊತೆ ತಾಳೆ ಹಾಕಿ. ಒಂದು ತಾಲ್ಲೂಕು ಹೆಚ್ಚುಕಡಿಮೆಯಾದರೆ ವಾಹನ್ ಅಂಕಿಯನ್ನು ತಿದ್ದಲು ಹೋಗದೆ, ಪ್ರಾಜೆಕ್ಟಿನ ವ್ಯಾಪ್ತಿಯನ್ನೇ ಆರ್‌ಟಿಒ ವ್ಯಾಪ್ತಿಗೆ ಹೊಂದಿಸುವುದು ಪ್ರಾಮಾಣಿಕ ದಾರಿ.

ಲೆಕ್ಕಕ್ಕೆ ಸಿಗದ ಗಾಡಿಗಳು

ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟ್‌ವರೆಗಿನ ಮೋಟಾರಿನ ಹಗುರ ಸ್ಕೂಟರ್‌ಗಳಿಗೆ ನೋಂದಣಿ ಬೇಡ, ಲೈಸೆನ್ಸೂ ಬೇಡ. ಕಾಲೇಜು ಹುಡುಗರೂ ವಯಸ್ಸಾದವರೂ ಓಡಿಸುವ ಈ ಗಾಡಿಗಳು ವಾಹನ್‌ನಲ್ಲಿ ಒಂದೂ ಕಾಣುವುದಿಲ್ಲ. ಬ್ಯಾಟರಿ, ಕಂಟ್ರೋಲರ್ ಕೆಟ್ಟಾಗ ಇವೂ ಸರ್ವಿಸ್ ಸೆಂಟರ್ ಹುಡುಕಿಕೊಂಡು ಬರುತ್ತವೆ. ಈ ಅಂಕಿ ಎಲ್ಲೂ ಸಿದ್ಧವಾಗಿ ಸಿಗುವುದಿಲ್ಲ, ನೀವೇ ಎಣಿಸಬೇಕು.

ಎಣಿಸಲು ನಂಬರ್ ಪ್ಲೇಟೇ ದಾರಿ. ನೋಂದಣಿಯಾದ ಎಲೆಕ್ಟ್ರಿಕ್ ಗಾಡಿಗೆ ಹಸಿರು ಪ್ಲೇಟು ಇರುತ್ತದೆ. ನಿಧಾನದ ಗಾಡಿಗೆ ಪ್ಲೇಟೇ ಇಲ್ಲ. ಗಡಿಗಿ ಚೆನ್ನಪ್ಪ ವೃತ್ತದ ಆಸುಪಾಸು, ಒಂದು ಕಾಲೇಜಿನ ಪಾರ್ಕಿಂಗ್, ಒಂದು ತರಕಾರಿ ಮಾರುಕಟ್ಟೆ, ಹೀಗೆ ಮೂರು ಕಡೆ, ವಾರದ ದಿನ ಒಮ್ಮೆ, ಭಾನುವಾರ ಒಮ್ಮೆ ನಿಂತಿರುವ ಗಾಡಿಗಳನ್ನು ಎರಡು ಕಾಲಮ್‌ನಲ್ಲಿ ಗೆರೆ ಹಾಕಿ ಎಣಿಸಿ: ಹಸಿರು ಪ್ಲೇಟು, ಪ್ಲೇಟಿಲ್ಲದ್ದು. ಶೋರೂಮಿನಿಂದ ಈಗಷ್ಟೇ ಬಂದು ನಂಬರ್‌ಗೆ ಕಾಯುತ್ತಿರುವ ಹೊಸ ಗಾಡಿಗಳನ್ನು ಬಿಡಿ. ಒಂದು ಹಸಿರು ಪ್ಲೇಟಿಗೆ ಪ್ಲೇಟಿಲ್ಲದ್ದು ಎಷ್ಟು ಎಂಬ ಅನುಪಾತ ಬಂದ ಮೇಲೆ ವಾಹನ್‌ನಿಂದ ತೆಗೆದ ಮೂರು ವರ್ಷದ ಮೊತ್ತಕ್ಕೆ ಅದನ್ನು ಗುಣಿಸಿ. ಅನುಪಾತ ಬಳ್ಳಾರಿ ನಗರದಲ್ಲಿ ಮಾತ್ರ ಎಣಿಸಿದ್ದು, ಉತ್ತರ ಬರೀ ಅಂದಾಜು ಎಂದು ಬರೆಯಿರಿ. ಸಂಡೂರಿನ ಗುಡ್ಡದ ರಸ್ತೆಯಲ್ಲಿ 250 ವ್ಯಾಟ್‌ನ ಗಾಡಿ ಏರುವುದು ಕಷ್ಟ, ಅಲ್ಲಿಯ ಅನುಪಾತ ಬೇರೆಯೇ ಇರುತ್ತದೆ.